ಕೌಟುಂಬಿಕ ನ್ಯಾಯಾಲಯದ ಮಧ್ಯಸ್ಥಿಕೆಗೆ ರಜೆ ಕೇಳುವ ಬಗೆ: ಮನೆಯ ವಿಷಯ ಕಚೇರಿಗೆ ತಲುಪದಂತೆ

ಸಿಬ್ಬಂದಿ ವಿಭಾಗದಲ್ಲಿ ಹಲವು ವರ್ಷ ರಜೆ ಅರ್ಜಿಗಳನ್ನು ಓದಿದ ನನಗೆ ಒಂದು ಅರ್ಜಿ ಇನ್ನೂ ಮರೆತಿಲ್ಲ. ಬರೆದವರು ತುಂಬ ಸಂಕೋಚದ ವ್ಯಕ್ತಿ; ಗಂಡ, ಹೆಂಡತಿ, ವಿಚ್ಛೇದನ ಎಂಬ ಯಾವ ಮಾತನ್ನೂ ಅವರು ಬಳಸಿರಲಿಲ್ಲ. ಆದರೆ ಅರ್ಜಿ ನಂಬಿಕೆಗೆ ಅರ್ಹವಾಗಿ ಕಾಣಲಿ ಎಂದು ಪ್ರಕರಣದ ಸಂಖ್ಯೆಯನ್ನೂ ಹಾಜರಾಗಬೇಕಾದ ಸ್ಥಳವನ್ನೂ ನಮೂದಿಸಿದ್ದರು. ಸಂಖ್ಯೆಯ ಮುಂದೆ ಎಂ.ಸಿ. ಎಂದಿತ್ತು, ಸ್ಥಳ ನ್ಯಾಯದೇಗುಲ ಎಂದಿತ್ತು. ಎಂ.ಸಿ. ಎಂದರೆ ವೈವಾಹಿಕ ಪ್ರಕರಣ, ಮತ್ತು ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಎಂದರೆ ಬೆಂಗಳೂರಿನವರಿಗೆ ಕೌಟುಂಬಿಕ ನ್ಯಾಯಾಲಯವೇ. ಆ ಅರ್ಜಿ ನನ್ನ ಮೇಜಿಗೆ ಬರುವ ಮೊದಲು ಮೂರು ಮೇಜುಗಳನ್ನು ದಾಟಿತ್ತು, ಮತ್ತು ಆ ಮೂರೂ ಕಡೆ ವಿಷಯ ತಿಳಿದಿತ್ತು.

ಈ ಮಾರ್ಗದರ್ಶಿಯಲ್ಲಿ ಹೇಳುವ ಕ್ರಮದ ಆಧಾರ ಒಂದೇ: ಅರ್ಜಿಯಲ್ಲಿ ಬರೆಯುವ ಪ್ರತಿಯೊಂದು ಮಾತೂ ನಿಜವಾಗಿರಬೇಕು, ಆದರೆ ರಜೆ ಮಂಜೂರು ಮಾಡಲು ಬೇಕಾದಷ್ಟೇ ಇರಬೇಕು. ಸುಳ್ಳು ಕಾರಣ ಏಕೆ ಕೂಡದು ಎಂಬುದನ್ನು ಮುಂದೆ ಹೇಳುತ್ತೇನೆ. ಇಲ್ಲಿನ ವಿವರಗಳೆಲ್ಲ ಕರ್ನಾಟಕದ, ಮುಖ್ಯವಾಗಿ ಬೆಂಗಳೂರಿನ, ವ್ಯವಸ್ಥೆಗೆ ಸಂಬಂಧಿಸಿದವು.

ಮೊದಲು ತಿಳಿದಿರಬೇಕಾದದ್ದು: ಎಷ್ಟು ದಿನ, ಎಂಥ ದಿನ

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ, ಪಕ್ಷಗಾರರ ನಡುವೆ ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಹಾಗಾಗಿ ಪ್ರಕರಣ ದಾಖಲಾಗಿ ಎದುರು ಪಕ್ಷದವರು ಹಾಜರಾದ ಬಳಿಕ ನ್ಯಾಯಾಧೀಶರು ಸಾಮಾನ್ಯವಾಗಿ ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳುಹಿಸುತ್ತಾರೆ. ಬೆಂಗಳೂರಿನಲ್ಲಾದರೆ ಅದು 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರಕ್ಕೆ. ಕರ್ನಾಟಕದ 2005ರ ಮಧ್ಯಸ್ಥಿಕೆ ನಿಯಮಗಳಲ್ಲಿ ಈ ಪ್ರಕ್ರಿಯೆಗೆ ಮೊದಲ ಹಾಜರಾತಿಯಿಂದ 60 ದಿನಗಳ ಅವಧಿ ಇದೆ, ಅಗತ್ಯ ಬಿದ್ದರೆ ನ್ಯಾಯಾಲಯ ಇನ್ನು 30 ದಿನ ವಿಸ್ತರಿಸಬಹುದು. ರಜೆಯ ಲೆಕ್ಕಕ್ಕೆ ಇದು ಬಹಳ ಉಪಯುಕ್ತ, ಏಕೆಂದರೆ ನೀವು ಕೇಳಬೇಕಾಗಿರುವುದು ಕೊನೆಯೇ ಕಾಣದ ರಜೆಯಲ್ಲ, ಎರಡು ಮೂರು ತಿಂಗಳೊಳಗೆ ಬಿಡಿಬಿಡಿಯಾಗಿ ಬರುವ ನಾಲ್ಕಾರು ಅರ್ಧ ದಿನಗಳು.

ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ನ್ಯಾಯಾಲಯದ ದಿನಾಂಕವನ್ನು ನ್ಯಾಯಾಧೀಶರು ನೀಡುತ್ತಾರೆ, ಅದನ್ನು ಬದಲಿಸುವುದು ಕಷ್ಟ. ಆದರೆ ಮಧ್ಯಸ್ಥಿಕೆಯ ಮುಂದಿನ ದಿನಾಂಕ ಪ್ರತಿ ಬೈಠಕ್ಕಿನ ಕೊನೆಯಲ್ಲಿ ಇಬ್ಬರ ಅನುಕೂಲ ಕೇಳಿಕೊಂಡೇ ಗೊತ್ತಾಗುತ್ತದೆ. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಕಚೇರಿಯ ಕೆಲಸದ ದಿನಗಳ ಪಟ್ಟಿ ಇದ್ದರೆ, ತಿಂಗಳ ಕೊನೆಯ ಲೆಕ್ಕ, ಲೆಕ್ಕ ತಪಾಸಣೆ, ಪರೀಕ್ಷಾ ಕರ್ತವ್ಯ ಇವುಗಳನ್ನು ತಪ್ಪಿಸಿ, ಕನಿಷ್ಠ ಹತ್ತು ದಿನಗಳ ಅಂತರವಿರುವ ದಿನವನ್ನು ನೀವೇ ಸೂಚಿಸಬಹುದು. ಕಚೇರಿಯಲ್ಲಿ ಪ್ರಶ್ನೆಗಳು ಏಳುವುದು ಬಹುಪಾಲು ರಜೆಯ ಕಾರಣಕ್ಕಲ್ಲ, ರಜೆ ಬಿದ್ದ ದಿನಕ್ಕೆ. ಕೆಲಸ ಹಗುರವಾಗಿರುವ ದಿನ ಅರ್ಧ ದಿನ ಹೊರಗೆ ಹೋದವರನ್ನು ಯಾರೂ ಕರೆದು ಕೇಳುವುದಿಲ್ಲ.

ಮಧ್ಯಸ್ಥಿಕೆ ನಡೆಯುತ್ತಿರುವಾಗ ನ್ಯಾಯಾಲಯದಲ್ಲೂ ವರದಿಗಾಗಿ ಒಂದು ದಿನಾಂಕ ನಿಗದಿಯಾಗಿರುತ್ತದೆ. ಆ ದಿನ ನೀವೇ ಹೋಗಬೇಕೇ, ವಕೀಲರು ಹೋದರೆ ಸಾಕೇ ಎಂದು ಮೊದಲೇ ಕೇಳಿಕೊಳ್ಳಿ. ಕೇಳದೆ ರಜೆ ಹಾಕಿ ಒಂದು ದಿನ ಕಳೆದುಕೊಂಡವರನ್ನು ಕಂಡಿದ್ದೇನೆ.

ರಜೆಯ ಬಗೆ ಆರಿಸುವುದು

ತನ್ನ ಸ್ವಂತ ಪ್ರಕರಣಕ್ಕೆ ಹಾಜರಾಗುವ ನೌಕರರಿಗಾಗಿ ಪ್ರತ್ಯೇಕ ರಜೆ ಎಂಬುದಿಲ್ಲ. ಸರ್ಕಾರಿ ನೌಕರರಿಗೂ ಸ್ವಂತ ಪ್ರಕರಣದ ಹಾಜರಾತಿ ಕರ್ತವ್ಯದ ಮೇಲಿನ ಹಾಜರಾತಿ ಎನಿಸುವುದಿಲ್ಲ. ಆದ್ದರಿಂದ ಬಳಸಬೇಕಾದದ್ದು ನಿಮ್ಮ ಖಾತೆಯಲ್ಲಿರುವ ರಜೆಯನ್ನೇ. ಅದರಲ್ಲಿ ಆಕಸ್ಮಿಕ ರಜೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಅದನ್ನು ಅರ್ಧ ದಿನಕ್ಕೂ ಪಡೆಯಬಹುದು, ಕಾರಣದ ಅಂಕಣದಲ್ಲಿ ‘ವೈಯಕ್ತಿಕ ಕೆಲಸ’ ಎಂದು ಬರೆಯುವುದು ಬಹುತೇಕ ಕಚೇರಿಗಳಲ್ಲಿ ರೂಢಿಯಲ್ಲಿದೆ, ಮತ್ತು ದಾಖಲೆ ಲಗತ್ತಿಸುವಂತೆ ಕೇಳುವುದು ಅಪರೂಪ. ಗಳಿಕೆ ರಜೆಯನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಮುಂಚಿತ ಅರ್ಜಿ ಬೇಕು, ಮೇಲಿನ ಹಂತದ ಮಂಜೂರಾತಿ ಬೇಕು, ಅಂದರೆ ಓದುವ ಕಣ್ಣುಗಳು ಹೆಚ್ಚು.

ಅನಾರೋಗ್ಯ ರಜೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಂಕೋಚದಲ್ಲಿರುವವರು ಮೊದಲು ಹಿಡಿಯುವ ದಾರಿ ಅದೇ. ಜ್ವರ ಎಂದು ಬರೆದು ಮಧ್ಯಸ್ಥಿಕೆಗೆ ಹೋದರೆ, ಅದೇ ದಿನ ಅದೇ ಹೊತ್ತಿನಲ್ಲಿ ನೀವು ಬೇರೆಡೆ ಇದ್ದಿರಿ ಎಂಬುದಕ್ಕೆ ನ್ಯಾಯಾಲಯದ ಕಡತದಲ್ಲೇ ದಾಖಲೆ ಇರುತ್ತದೆ. ಸುಳ್ಳು ವೈದ್ಯಕೀಯ ಪ್ರಮಾಣಪತ್ರವಂತೂ ಶಿಸ್ತು ಕ್ರಮಕ್ಕೆ ನೇರವಾದ ಆಹ್ವಾನ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಜೀವನಾಂಶದ ಪ್ರಶ್ನೆ ಇರುವ ಪ್ರಕರಣಗಳಲ್ಲಿ, 2020ರ ರಜನೀಶ್ ಮತ್ತು ನೇಹಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ ಹಾಗೂ ಆಸ್ತಿಯ ವಿವರದ ಅಫಿಡವಿಟ್ ಸಲ್ಲಿಸಬೇಕಾಗುತ್ತದೆ, ಮತ್ತು ಎದುರು ಪಕ್ಷದವರು ನಿಮ್ಮ ಕಚೇರಿಯಿಂದ ಸಂಬಳ ಹಾಗೂ ಸೇವಾ ದಾಖಲೆಗಳನ್ನು ತರಿಸಿಕೊಡುವಂತೆ ನ್ಯಾಯಾಲಯವನ್ನು ಕೋರಬಹುದು. ಆಗ ನಿಮ್ಮ ರಜೆ ಅರ್ಜಿಯೂ ಹೊರಬರಬಹುದು. ಅಲ್ಲಿ ಒಂದು ಸುಳ್ಳು ಸಿಕ್ಕಿದರೆ ನಿಮ್ಮ ಉಳಿದ ಮಾತುಗಳ ಮೇಲೂ ಅನುಮಾನ ಬೀಳುತ್ತದೆ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು: ಎದುರು ಪಕ್ಷದ ವಕೀಲರು ಮುಂದೊಂದು ದಿನ ಇದನ್ನು ಓದಬಹುದು ಎಂದುಕೊಂಡೇ ಅರ್ಜಿಯನ್ನು ಬರೆಯಿರಿ. ಸುಳ್ಳಿಲ್ಲದ, ವಿವರವಿಲ್ಲದ ಅರ್ಜಿಯಿಂದ ಅವರಿಗೆ ಏನೂ ದಕ್ಕುವುದಿಲ್ಲ.

ಕಾರಣದ ಮೂರು ಹಂತಗಳು

ಕಾರಣವನ್ನು ಮೂರು ಹಂತಗಳಲ್ಲಿ ಹೇಳಬಹುದು. ಮೊದಲನೆಯದು ‘ವೈಯಕ್ತಿಕ ಕೆಲಸ’. ಒಂದೆರಡು ಸಲದ ಅರ್ಧ ದಿನಕ್ಕೆ ಇದು ಸಾಕು. ಎರಡನೆಯದು ‘ಮೊದಲೇ ನಿಗದಿಯಾಗಿರುವ, ನಾನು ಖುದ್ದಾಗಿ ಹಾಜರಿರಬೇಕಾದ ಕಾನೂನು ಸಂಬಂಧಿ ಕೆಲಸ’. ಎರಡು ತಿಂಗಳಲ್ಲಿ ನಾಲ್ಕು ಸಲ ರಜೆ ಬೇಕಾಗುವಾಗ, ಅಥವಾ ಮೇಲಧಿಕಾರಿ ‘ದಿನ ಬದಲಿಸಿಕೊಳ್ಳಿ’ ಎನ್ನುವ ಸಂಭವವಿರುವಾಗ, ಇದು ಬೇಕು. ಮೂರನೆಯದು ‘ನ್ಯಾಯಾಲಯದ ನಿರ್ದೇಶನದಂತೆ ಖುದ್ದು ಹಾಜರಾತಿ’. ರಜೆ ನಿರಾಕರಣೆಯಾದಾಗ ಅಥವಾ ದಾಖಲೆ ಕೇಳಿದಾಗ ಮಾತ್ರ ಇಲ್ಲಿಗೆ ಬನ್ನಿ. ಕೆಳಗಿನ ಹಂತದಲ್ಲಿ ಕೆಲಸ ಆಗುವಾಗ ಮೇಲಿನದಕ್ಕೆ ಹೋಗಬೇಡಿ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಮೂರನೆಯ ಹಂತದಲ್ಲಿ ಒಂದು ತೊಡಕಿದೆ. ‘ನ್ಯಾಯಾಲಯ’ ಎಂದು ಓದಿದವರ ಮನಸ್ಸು ಕ್ರಿಮಿನಲ್ ಪ್ರಕರಣದ ಕಡೆಗೂ ಹೋಗಬಹುದು. ನಿಮ್ಮ ವಿಷಯ ಸಿವಿಲ್ ಸ್ವರೂಪದ್ದೇ ಆಗಿದ್ದರೆ ‘ಸಿವಿಲ್ ಸ್ವರೂಪದ, ನನ್ನ ಸೇವೆಗೆ ಸಂಬಂಧಪಡದ ವಿಷಯ’ ಎಂದು ಸೇರಿಸಿ, ಆ ಅನುಮಾನ ಅಲ್ಲಿಗೆ ನಿಲ್ಲುತ್ತದೆ. ಆದರೆ ಜೊತೆಯಲ್ಲೇ ಪೊಲೀಸ್ ದೂರು ಅಥವಾ ಕ್ರಿಮಿನಲ್ ಪ್ರಕರಣ ನಡೆಯುತ್ತಿದ್ದರೆ ಈ ಸಾಲನ್ನು ಬರೆಯಬೇಡಿ. ಆ ಪ್ರಕರಣವನ್ನು ಕಚೇರಿಗೆ ತಿಳಿಸಬೇಕೇ ಎಂಬುದು ನಿಮ್ಮ ಸೇವಾ ನಿಯಮಗಳನ್ನು ಅವಲಂಬಿಸಿದ ಬೇರೆಯೇ ಪ್ರಶ್ನೆ. ಅದನ್ನು ವಕೀಲರೊಂದಿಗೆ ಪ್ರತ್ಯೇಕವಾಗಿ ತೀರ್ಮಾನಿಸಿ, ರಜೆ ಅರ್ಜಿಯಲ್ಲಿ ಬೆರೆಸಬೇಡಿ.

ಯಾವ ಹಂತದಲ್ಲೂ ಬರೆಯಬಾರದ ಕೆಲವು ಇವೆ. ಪ್ರಕರಣದ ಸಂಖ್ಯೆ ಬೇಡ, ಏಕೆಂದರೆ ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಮತ್ತು ಸಂಖ್ಯೆಯ ಮುಂದಿನ ಅಕ್ಷರಗಳೇ ಅದು ವಿವಾಹದ್ದೋ ಮಕ್ಕಳ ಪಾಲನೆಯದ್ದೋ ಎಂದು ಸಾರುತ್ತವೆ. ಎದುರು ಪಕ್ಷದವರ ಹೆಸರು ಬೇಡ. ಸ್ಥಳದ ಹೆಸರು ಬೇಡ. ‘ಮಧ್ಯಸ್ಥಿಕೆ’, ‘ರಾಜಿ’, ‘ಆಪ್ತ ಸಮಾಲೋಚನೆ’ ಎಂಬ ಪದಗಳೂ ಬೇಡ. ‘ಕೌಟುಂಬಿಕ ಕಾರಣ’ ಎಂದು ಬರೆದರೆ ಸಾಕಲ್ಲವೇ ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಅದು ‘ವೈಯಕ್ತಿಕ’ಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಕರೆಯುತ್ತದೆ. ಯಾರಿಗೆ ಹುಷಾರಿಲ್ಲ, ಯಾರ ಮದುವೆ ಎಂದು ಜನ ಕಾಳಜಿಯಿಂದಲೇ ವಿಚಾರಿಸುತ್ತಾರೆ, ಆಗ ಉತ್ತರ ಕಟ್ಟಬೇಕಾಗುತ್ತದೆ.

ಒಂದು ಪ್ರಕರಣ, ಮೊದಲಿನಿಂದ ಕೊನೆಯವರೆಗೆ

ಪೀಣ್ಯದ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವರ್ಷದ 12 ಆಕಸ್ಮಿಕ ರಜೆಗಳಲ್ಲಿ 7 ಉಳಿದಿವೆ. ಮಧ್ಯಸ್ಥಿಕೆಯ ಮೊದಲ ದಿನ ಜುಲೈ 9, ಮಧ್ಯಾಹ್ನ 2.30. ಅಲ್ಲಿಂದ 60 ದಿನ ಎಂದರೆ ಸೆಪ್ಟೆಂಬರ್ 7ರವರೆಗೆ. ಪ್ರತಿ ತಿಂಗಳು 28ರಿಂದ ಮುಂದಿನ ತಿಂಗಳ 4ರವರೆಗೆ ಅವರ ವಿಭಾಗದಲ್ಲಿ ಲೆಕ್ಕ ಮುಗಿಸುವ ಒತ್ತಡವಿರುತ್ತದೆ.

ಮೊದಲ ಬೈಠಕ್ಕಿಗೆ ಅವರು ಮೊದಲ ಹಂತದ ಕಾರಣವನ್ನೇ ಬಳಸಿ ಅರ್ಧ ದಿನ ಕೇಳುತ್ತಾರೆ. ಮಧ್ಯಾಹ್ನ 1 ಗಂಟೆಗೆ ಹೊರಟರೆ ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್‌ವರೆಗೆ, ಅಲ್ಲಿಂದ ಆಟೋದಲ್ಲಿ, ಧಾವಂತವಿಲ್ಲದೆ ತಲುಪಬಹುದು. ‘ನಾಲ್ಕು ಗಂಟೆಗೆ ವಾಪಸು ಬರುತ್ತೇನೆ’ ಎಂದು ಮಾತ್ರ ಅವರು ಹೇಳುವುದಿಲ್ಲ. ಮಧ್ಯಸ್ಥರು ಇಬ್ಬರ ಜೊತೆ ಒಟ್ಟಿಗೂ, ಬಳಿಕ ಒಬ್ಬೊಬ್ಬರ ಜೊತೆ ಬೇರೆಯಾಗಿಯೂ ಮಾತನಾಡುತ್ತಾರೆ, ಆ ಮಾತು ಎಷ್ಟು ಹೊತ್ತು ನಡೆಯುತ್ತದೆಂದು ಯಾರೂ ಹೇಳಲಾರರು. ಗಡಿಯಾರ ನೋಡುತ್ತ ಕುಳಿತವರು ಒಪ್ಪಬಾರದ ಷರತ್ತಿಗೂ ಒಪ್ಪಿಬಿಡುತ್ತಾರೆ.

ಬೈಠಕ್ಕಿನ ಕೊನೆಯಲ್ಲಿ ಮುಂದಿನ ದಿನ ಕೇಳಿದಾಗ ಅವರು ಜುಲೈ 23 ಎನ್ನುತ್ತಾರೆ, ಸಾಧ್ಯವಾದರೆ ಆನಂತರದ ಆಗಸ್ಟ್ 6 ಮತ್ತು 20ನ್ನೂ ಅಲ್ಲೇ ಗುರುತು ಮಾಡಿಸಿಕೊಳ್ಳುತ್ತಾರೆ. ಈಗ ಮೂರು ದಿನಾಂಕಗಳು ಕೈಯಲ್ಲಿವೆ, ಮೂರೂ ಲೆಕ್ಕ ಮುಗಿಸುವ ದಿನಗಳ ಹೊರಗಿವೆ. ಇನ್ನು ಎರಡನೆಯ ಹಂತದ ಕಾರಣದೊಂದಿಗೆ, ಮೂರಕ್ಕೂ ಸೇರಿಸಿ ಒಂದೇ ಅರ್ಜಿ ಕೊಡುವುದು ಮೇಲು. ಪ್ರತಿ ಹದಿನೈದು ದಿನಕ್ಕೊಮ್ಮೆ ಹೊಸ ಅರ್ಜಿ ಬಂದರೆ ಪ್ರತಿ ಸಲವೂ ಹೊಸ ಕುತೂಹಲ ಹುಟ್ಟುತ್ತದೆ.

> ಮಾನ್ಯರೇ,
>
> ವಿಷಯ: ಮೂರು ಅರ್ಧ ದಿನಗಳ ಆಕಸ್ಮಿಕ ರಜೆ ಕೋರಿ.
>
> ಮೊದಲೇ ನಿಗದಿಯಾಗಿರುವ ಹಾಗೂ ನಾನು ಖುದ್ದಾಗಿ ಹಾಜರಿರಬೇಕಾದ ಕಾನೂನು ಸಂಬಂಧಿ ವೈಯಕ್ತಿಕ ಕೆಲಸವಿರುವುದರಿಂದ, ಜುಲೈ 23, ಆಗಸ್ಟ್ 6 ಮತ್ತು ಆಗಸ್ಟ್ 20ರಂದು ಮಧ್ಯಾಹ್ನ 1 ಗಂಟೆಯಿಂದ ಅರ್ಧ ದಿನದ ಆಕಸ್ಮಿಕ ರಜೆಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ಈ ದಿನಾಂಕಗಳಲ್ಲಿ ಬದಲಾವಣೆಯಾದರೆ ತಿಳಿದ ಕೂಡಲೇ ತಮ್ಮ ಗಮನಕ್ಕೆ ತರುತ್ತೇನೆ.
>
> ಆ ದಿನಗಳ ಬಿಲ್ಲುಗಳ ಪರಿಶೀಲನೆಯನ್ನು ಬೆಳಗ್ಗೆಯೇ ಮುಗಿಸಿ, ಬಾಕಿ ಉಳಿದವುಗಳ ಪಟ್ಟಿಯನ್ನು ವಿಭಾಗದ ಸಹೋದ್ಯೋಗಿಗೆ ಒಪ್ಪಿಸುತ್ತೇನೆ.
>
> ವಂದನೆಗಳೊಂದಿಗೆ,
> ತಮ್ಮ ವಿಶ್ವಾಸಿ

ಈ ಅರ್ಜಿಯಲ್ಲಿ ಕಾರಣಕ್ಕೆ ಅರ್ಧ ಸಾಲು, ಕೆಲಸದ ಏರ್ಪಾಟಿಗೆ ಒಂದು ಪೂರ್ಣ ವಾಕ್ಯ ಇರುವುದನ್ನು ಗಮನಿಸಿ. ಮಂಜೂರು ಮಾಡುವವರಿಗೆ ತಿಳಿಯಬೇಕಾಗಿರುವುದು ಕೆಲಸ ನಿಲ್ಲುತ್ತದೆಯೋ ಇಲ್ಲವೋ ಎಂಬುದು. ಅದಕ್ಕೆ ಉತ್ತರ ಸಿಕ್ಕಿದರೆ ಬಹುತೇಕರು ಮೇಲಿನ ಸಾಲನ್ನು ಎರಡನೆಯ ಸಲ ಓದುವುದಿಲ್ಲ. ‘ದಯವಿಟ್ಟು ಗೋಪ್ಯವಾಗಿಡಿ’ ಎಂದು ಅರ್ಜಿಯ ಮೇಲೆ ಬರೆಯುವ ಅಭ್ಯಾಸ ಕೆಲವರಿಗಿದೆ. ಅದನ್ನು ಕಂಡ ಗುಮಾಸ್ತರು ಪೂರ್ತಿ ಓದಿಯೇ ಮುಂದೆ ಕಳುಹಿಸುತ್ತಾರೆ.

ಸರ್ಕಾರಿ ನೌಕರರಿಗೆ ಒಂದು ಹೆಚ್ಚುವರಿ ಮಾತು. ನ್ಯಾಯಾಲಯ ಬೇರೆ ಜಿಲ್ಲೆಯಲ್ಲಿದ್ದರೆ ಕೇಂದ್ರಸ್ಥಾನ ಬಿಡಲು ಅನುಮತಿ ಕೇಳಬೇಕು, ಅಲ್ಲಿ ಹೋಗುವ ಸ್ಥಳ ನಮೂದಿಸಬೇಕು. ಊರಿನ ಹೆಸರು ಮಾತ್ರ ಸಾಕು: ‘ಬೆಂಗಳೂರಿಗೆ ತೆರಳಲು ಕೇಂದ್ರಸ್ಥಾನ ಬಿಡುವ ಅನುಮತಿ ಕೋರುತ್ತೇನೆ.’

ಬಾಯಿಮಾತಿನಲ್ಲಿ ಕೇಳಿದಾಗ

ಅರ್ಜಿ ಓದಿದ ಮೇಲಧಿಕಾರಿ ಕರೆದು, ‘ಏನಮ್ಮಾ, ಕಾನೂನು ಕೆಲಸ ಅಂದಿದ್ದೀರಿ, ಮನೆಯಲ್ಲಿ ಎಲ್ಲ ಸರಿ ಇದೆ ತಾನೇ?’ ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿ ಕೆಡುಕಿಲ್ಲದಿದ್ದರೂ ಸಿದ್ಧತೆ ಇಲ್ಲದವರ ಬಾಯಿಂದ ಎಲ್ಲವೂ ಹೊರಬೀಳುವುದು ಇಲ್ಲಿಯೇ. ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿರಬೇಕು: ‘ಕೇಳಿದ್ದಕ್ಕೆ ಧನ್ಯವಾದ ಸರ್. ಒಂದು ಸಿವಿಲ್ ವಿಷಯ, ನಾನೇ ಹೋಗಬೇಕು. ಅದರ ವಿವರ ಹೇಳುವ ಹಾಗಿಲ್ಲ. ಆ ದಿನದ ಬಿಲ್ಲುಗಳನ್ನು ಬೆಳಗ್ಗೆಯೇ ಮುಗಿಸುತ್ತೇನೆ.’ ವಿವರ ಹೇಳುವ ಹಾಗಿಲ್ಲ ಎಂಬುದು ನೆಪವಲ್ಲ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತುಗಳನ್ನು ಗೋಪ್ಯವಾಗಿಡುವುದು ಅದರ ನಿಯಮಗಳಲ್ಲೇ ಇದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಮಿನಂತೆ ಇಬ್ಬರಲ್ಲಿ ಒಬ್ಬರು ಬಯಸಿದರೂ ನ್ಯಾಯಾಲಯದ ಕಲಾಪ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು.

ಎರಡನೆಯ ಸಲ ಕೇಳಿದರೆ ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಿ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೊಸದನ್ನು ಸೇರಿಸಿದರೆ ಕೇಳುವವರು ತುಣುಕುಗಳನ್ನು ಜೋಡಿಸಿಬಿಡುತ್ತಾರೆ. ಊಟದ ಮೇಜಿನಲ್ಲಿ ಸಹೋದ್ಯೋಗಿಗಳಿಗೆ ‘ಒಂದು ಕೆಲಸ ಇತ್ತು’ ಎಂಬಷ್ಟೇ ಸಾಕು. ಆಸ್ತಿ ನೋಂದಣಿ, ಬ್ಯಾಂಕ್ ಸಾಲ ಎಂದು ಕಥೆ ಹೇಳಿದರೆ ಮುಂದಿನ ವಾರ ಅದರ ಗತಿ ಏನಾಯಿತೆಂದು ಕೇಳುತ್ತಾರೆ.

ದಾಖಲೆ ಕೇಳಿದರೆ

ಸಿಬ್ಬಂದಿ ವಿಭಾಗ ಪುರಾವೆ ಕೇಳಿದಾಗ ಮೊದಲು ವಿಚಾರಿಸಬೇಕಾದದ್ದು: ನೋಡಿದರೆ ಸಾಕೇ, ಪ್ರತಿ ಇಟ್ಟುಕೊಳ್ಳಬೇಕೇ? ನೋಡಿದರೆ ಸಾಕೆಂದರೆ ಒಬ್ಬ ಅಧಿಕಾರಿಗೆ ಎದುರಿನಲ್ಲಿ ತೋರಿಸಿ ವಾಪಸು ತನ್ನಿ. ಪ್ರತಿಯೇ ಬೇಕೆಂದರೆ, ಹಾಜರಾದ ದಿನವೇ ನಿಮ್ಮ ಹೆಸರು, ದಿನಾಂಕ ಮತ್ತು ಸಮಯ ಮಾತ್ರ ಇರುವ ಹಾಜರಾತಿ ಪತ್ರವನ್ನು ವಕೀಲರ ಮೂಲಕ ಕೋರಿ. ಆ ಪತ್ರದಲ್ಲೂ ಪ್ರಕರಣದ ಸಂಖ್ಯೆ ಇದ್ದರೆ, ಅಥವಾ ನ್ಯಾಯಾಲಯದ ಆದೇಶದ ಪ್ರತಿಯನ್ನೇ ಕೊಡಬೇಕಾಗಿ ಬಂದರೆ, ಮರೆಮಾಡುವ ಕೆಲಸವನ್ನು ಸರಿಯಾಗಿ ಮಾಡಬೇಕು.

ಮೂಲದ ಮೇಲೆ ಏನನ್ನೂ ಬರೆಯಬೇಡಿ. ಒಂದು ಜೆರಾಕ್ಸ್ ತೆಗೆದು, ಅದರ ಮೇಲೆ ಪ್ರಕರಣದ ಸಂಖ್ಯೆ, ಎದುರು ಪಕ್ಷದವರ ಹೆಸರು ಮತ್ತು ಆದೇಶದ ಒಕ್ಕಣೆ ಇರುವ ಜಾಗಗಳಿಗೆ ದಪ್ಪ ಕಾಗದದ ಪಟ್ಟಿ ಇಟ್ಟು, ಅದರ ಮತ್ತೊಂದು ಜೆರಾಕ್ಸ್ ತೆಗೆಯಿರಿ. ಈ ಎರಡನೆಯ ಪ್ರತಿಯನ್ನು ಕೊಡಿ. ಮೊಬೈಲಿನಲ್ಲಿ ಕಪ್ಪು ಗೆರೆ ಎಳೆದು ಕಳುಹಿಸಿದ ಚಿತ್ರಗಳಲ್ಲಿ ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಓದಲು ಬರುವುದುಂಟು; ಪೆನ್ನಿನಿಂದ ಹೊಡೆದ ಕಾಗದವನ್ನು ಬೆಳಕಿಗೆ ಹಿಡಿದರೂ ಅಷ್ಟೇ. ‘ವೈಯಕ್ತಿಕ ವಿವರಗಳನ್ನು ಮರೆಮಾಡಿದ ಪ್ರತಿ, ಮೂಲವನ್ನು ಖುದ್ದಾಗಿ ತೋರಿಸಲು ಸಿದ್ಧ’ ಎಂದು ಅಂಚಿನಲ್ಲಿ ಬರೆದು ಸಹಿ ಮಾಡಿ. ಮರೆಮಾಡಿದ್ದು ಮರೆಮಾಡಿದಂತೆಯೇ ಕಾಣಬೇಕು. ಅಕ್ಷರಗಳನ್ನು ಅಳಿಸಿ, ಬೇರೆ ಪದ ಕೂರಿಸಿ, ಮೊದಲಿನಿಂದಲೇ ಹಾಗಿತ್ತೆಂಬಂತೆ ಮಾಡಿದರೆ ಅದು ನ್ಯಾಯಾಲಯದ ದಾಖಲೆಯನ್ನು ತಿದ್ದಿದಂತೆ.

ರಜೆಯ ತಂತ್ರಾಂಶಕ್ಕೆ ಲಗತ್ತಿಸುವುದನ್ನು ಸಾಧ್ಯವಾದರೆ ತಪ್ಪಿಸಿ, ಏಕೆಂದರೆ ಅಲ್ಲಿ ಹಾಕಿದ್ದನ್ನು ಯಾರು ಯಾರು ತೆರೆಯಬಲ್ಲರೆಂದು ನಮಗೆ ಕಾಣುವುದಿಲ್ಲ. ಇದೇ ಕಾರಣಕ್ಕೆ ವಕೀಲರಿಗೆ ಕಚೇರಿಯ ಇಮೇಲ್ ವಿಳಾಸ ಕೊಡಬಾರದು, ತಂಡದವರೆಲ್ಲ ನೋಡುವ ಕ್ಯಾಲೆಂಡರಿನಲ್ಲಿ ‘ಹೊರಗೆ’ ಎಂಬುದಕ್ಕಿಂತ ಹೆಚ್ಚು ಬರೆಯಬಾರದು.

ನಿರಾಕರಿಸಿದರೆ, ಅಥವಾ ಹೆಚ್ಚು ಹೇಳಲೇಬೇಕಾದರೆ

ರಜೆ ಸಿಗದಿದ್ದರೆ ಸುಮ್ಮನೆ ಗೈರಾಗುವುದು ಎರಡೂ ಕಡೆ ನಷ್ಟ. ಮಧ್ಯಸ್ಥಿಕೆಗೆ ಪದೇ ಪದೇ ತಪ್ಪಿಸಿಕೊಂಡರೆ ಪ್ರಕರಣ ರಾಜಿಯಾಗಲಿಲ್ಲವೆಂದು ನ್ಯಾಯಾಲಯಕ್ಕೆ ಹಿಂದಿರುಗುತ್ತದೆ. ಮೂರನೆಯ ಹಂತದ ಕಾರಣದೊಂದಿಗೆ ಇನ್ನೊಮ್ಮೆ ಲಿಖಿತವಾಗಿ ಕೇಳಿ. ಆಗಲೂ ಆಗದಿದ್ದರೆ ಎರಡು ಮೂರು ದಿನ ಮೊದಲೇ ವಕೀಲರ ಮೂಲಕ ಮಧ್ಯಸ್ಥರಿಗೆ ತಿಳಿಸಿ ದಿನ ಬದಲಿಸಿಕೊಳ್ಳಿ.

ಇಬ್ಬರೂ ಒಂದೇ ಸಂಸ್ಥೆಯಲ್ಲಿದ್ದರೆ, ಅಥವಾ ಎದುರು ಪಕ್ಷದವರು ಕಚೇರಿಗೆ ಬಂದು ಗಲಾಟೆ ಮಾಡುವ ಭಯವಿದ್ದರೆ, ಮೌನಕ್ಕಿಂತ ಒಬ್ಬರಿಗೆ ಹೇಳುವುದೇ ಸರಿ. ನೇರ ಮೇಲಧಿಕಾರಿಗಿಂತ ಸಿಬ್ಬಂದಿ ವಿಭಾಗದ ಹಿರಿಯರೊಬ್ಬರನ್ನು ಆರಿಸಿ, ಬಾಯಿಮಾತಿನಲ್ಲಿ, ಸುರಕ್ಷತೆಗೆ ಬೇಕಾದಷ್ಟು ಮಾತ್ರ ಹೇಳಿ: ಯಾರನ್ನು ಒಳಗೆ ಬಿಡಬಾರದು, ಯಾರ ಕರೆಯನ್ನು ನಿಮಗೆ ಜೋಡಿಸಬಾರದು. ಜಗಳ ಏಕೆ ಹುಟ್ಟಿತೆಂಬುದು ಅಲ್ಲಿ ಬೇಕಿಲ್ಲ.

ಪೀಣ್ಯದ ಆ ಮಹಿಳೆಯ ಲೆಕ್ಕಕ್ಕೆ ಮರಳಿದರೆ, ನಾಲ್ಕು ಬೈಠಕ್ಕುಗಳಿಗೆ ಎರಡು ದಿನ ಖರ್ಚಾಗಿ ಐದು ಉಳಿದಿವೆ. ಅದರಲ್ಲಿ ಎರಡನ್ನು ಅವರು ಮುಟ್ಟದೆ ಇಟ್ಟುಕೊಳ್ಳಬೇಕು. ಒಪ್ಪಂದವಾದರೆ ಅದಕ್ಕೆ ಇಬ್ಬರೂ ಸಹಿ ಹಾಕಿ, ನ್ಯಾಯಾಧೀಶರ ಮುಂದೆ ಹಾಜರಾಗಿ ದಾಖಲಿಸಬೇಕಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ಸಾಮಾನ್ಯವಾಗಿ ಆರು ತಿಂಗಳ ಬಳಿಕ ಇನ್ನೊಮ್ಮೆ ಹೋಗಬೇಕು. ಆ ಕಾಯುವ ಅವಧಿಯನ್ನು ಸೂಕ್ತ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆರು ತಿಂಗಳು ಕಾಯಬೇಕಾಗಿ ಬಂದರೆ ಎರಡನೆಯ ಹಾಜರಾತಿ ಮುಂದಿನ ವರ್ಷದ ರಜೆ ಖಾತೆಗೆ ಬೀಳುತ್ತದೆ. ಈ ಹಾಜರಾತಿಗಳು ನ್ಯಾಯಾಲಯದಲ್ಲಿ ನಡೆಯುವುದರಿಂದ ಸರದಿ ಯಾವಾಗ ಬರುತ್ತದೆಂದು ಹೇಳಲಾಗದು, ಹಾಗಾಗಿ ಅಲ್ಲಿ ಅರ್ಧ ದಿನ ಸಾಲದು, ಪೂರ್ಣ ದಿನವನ್ನೇ ಕೇಳಬೇಕು. ಅರ್ಜಿಯ ಒಕ್ಕಣೆ ಜುಲೈನಲ್ಲಿ ಬರೆದದ್ದೇ. ದಿನಾಂಕ ಮತ್ತು ರಜೆಯ ಅವಧಿ ಮಾತ್ರ ಬದಲಾಗುತ್ತವೆ.